ಫಾಸ್ಟ್ ಪಾಯಿಂಟರ್ ಸ್ಲೋ ಪಾಯಿಂಟರನ್ನು ಹಾರಿ ಹೋಗಲು ಯಾಕೆ ಆಗುವುದಿಲ್ಲ?

ಪ್ರಶ್ನೆ: ಸರ್, ನಾನು ಮಂಡ್ಯದಲ್ಲಿ ಇಂಜಿನಿಯರಿಂಗ್ ಓದ್ತಿದ್ದೀನಿ, ಮೂರನೇ ಸೆಮ್. ಲಿಂಕ್ಡ್ ಲಿಸ್ಟ್‌ನಲ್ಲಿ ಸೈಕಲ್ ಇದ್ಯಾ ಅಂತ ನೋಡೋಕೆ ಸ್ಲೋ, ಫಾಸ್ಟ್ ಅಂತ ಎರಡು ಪಾಯಿಂಟರ್ ಇಡೋದು ಗೊತ್ತು. ಕೋಡ್ ಬಾಯಿಪಾಠ ಆಗಿದೆ. ಕ್ಲಾಸಲ್ಲಿ ಕುಕ್ಕರಹಳ್ಳಿ ಕೆರೆ ಸುತ್ತ ಇಬ್ಬರು ಓಡಿದ ಹಾಗೆ, ಜೋರಾಗಿ ಓಡೋನು ಹಿಂದಿನಿಂದ ಬಂದು ಹಿಡೀತಾನೆ ಅಂದ್ರು. ಆದ್ರೆ ಫಾಸ್ಟ್ ಒಂದು ನೋಡ್ ಬಿಟ್ಟು ಇನ್ನೊಂದರ ಮೇಲೆ ನಿಲ್ಲುತ್ತೆ ಅಲ್ವಾ? ಸ್ಲೋ ನಿಂತಿರೋ ನೋಡನ್ನೇ ಹಾರಿಬಿಟ್ರೆ? ಹೀಗೇ ತಪ್ಪಿಸ್ಕೊಂಡು ಸುತ್ತುತ್ತಾನೇ ಇರಬಹುದಲ್ವಾ?

ಉತ್ತರ: ನಿಮ್ಮ ಅನುಮಾನ ಸರಿಯಾಗಿದೆ. ಕೆರೆಯ ಉದಾಹರಣೆ ಅದಕ್ಕೆ ಉತ್ತರ ಕೊಡುವುದಿಲ್ಲ. ಕೆರೆ ದಂಡೆಯ ಮೇಲೆ ಓಡುವವನು ದಾರಿಯ ಒಂದೊಂದು ಅಂಗುಲವನ್ನೂ ದಾಟಿಯೇ ಹೋಗಬೇಕು. ಮುಂದಿರುವವನನ್ನು ಹಿಂದೆ ಹಾಕಬೇಕಾದರೆ ಒಂದು ಕ್ಷಣವಾದರೂ ಅವನ ಪಕ್ಕಕ್ಕೆ ಬರಲೇಬೇಕು. ಪಾಯಿಂಟರ್‌ಗೆ ಆ ಕಟ್ಟುಪಾಡಿಲ್ಲ. ಅದು ನೋಡ್‌ನಿಂದ ನೋಡ್‌ಗೆ ಹಾರುತ್ತದೆ, ಮತ್ತು ಎರಡೂ ಹಾರಿ ಮುಗಿಸಿದ ಮೇಲೆ ಮಾತ್ರ ನಾವು ಹೋಲಿಸಿ ನೋಡುತ್ತೇವೆ. ಆದ್ದರಿಂದ "ಜೋರಾಗಿ ಓಡುವವನು ಹಿಡಿದೇ ಹಿಡಿಯುತ್ತಾನೆ" ಎಂದರೆ ಸಾಲದು. ಫಾಸ್ಟ್ ಎರಡರ ಬದಲು ಮೂರು ಹೆಜ್ಜೆ ಇಡುವಂತೆ ಬರೆದರೆ ನೀವು ಹೇಳಿದ ಹಾಗೆಯೇ ತಪ್ಪಿಸಿಕೊಂಡು ಸುತ್ತುವ ಸಂದರ್ಭವೂ ಬರುತ್ತದೆ. ಅದನ್ನು ಆಮೇಲೆ ತೋರಿಸುತ್ತೇನೆ.

ಮೊದಲು ಕೋಡ್ ಕಣ್ಣ ಮುಂದೆ ಇರಲಿ:

```c
int has_cycle(struct node *head)
{
    struct node *slow = head, *fast = head;
    while (fast != NULL && fast->next != NULL) {
        slow = slow->next;
        fast = fast->next->next;
        if (slow == fast)
            return 1;
    }
    return 0;
}
```

`while` ಒಳಗಿನ ಕೆಲಸ ಒಮ್ಮೆ ನಡೆಯುವುದನ್ನು ಒಂದು ಸರದಿ ಎಂದು ಕರೆಯೋಣ. ಒಂದು ಸರದಿಯಲ್ಲಿ ಸ್ಲೋ ಒಂದು ಹೆಜ್ಜೆ ಇಡುತ್ತದೆ, ಫಾಸ್ಟ್ ಎರಡು. ಸೈಕಲ್ ಇಲ್ಲದಿದ್ದರೆ ಫಾಸ್ಟ್ ಲಿಸ್ಟ್‌ನ ಕೊನೆ ಮುಟ್ಟಿ, ಲೂಪ್ ನಿಂತು, 0 ಬರುತ್ತದೆ. ಅದರಲ್ಲಿ ಗೊಂದಲವಿಲ್ಲ. ಸೈಕಲ್ ಇದ್ದಾಗ ಏನಾಗುತ್ತದೆ ಎಂಬುದೇ ಪ್ರಶ್ನೆ.

ಕೈಯಲ್ಲಿ ಮಾಡಿ ನೋಡಲು ಒಂದು ಲಿಸ್ಟ್ ಬೇಕು. ಬಸ್ ನಿಲ್ಲುವ ಜಾಗಗಳನ್ನು ಜೋಡಿಸುತ್ತಾ ಹೋಗುವ ಪ್ರೋಗ್ರಾಂ ಎಂದುಕೊಳ್ಳಿ. 0 ಮದ್ದೂರು, 1 ಮಂಡ್ಯ, 2 ಶ್ರೀರಂಗಪಟ್ಟಣ, 3 ಮೈಸೂರು ರೈಲ್ವೆ ಸ್ಟೇಷನ್, 4 ಕೆ.ಆರ್. ಸರ್ಕಲ್, 5 ಅಗ್ರಹಾರ, 6 ಜೆ.ಪಿ. ನಗರ, 7 ಕುವೆಂಪುನಗರ. ಇಲ್ಲಿಗೆ ಮುಗಿಯಬೇಕಿತ್ತು. ಬರೆದವರು ಬಸ್ಸು ಮತ್ತೆ ರೈಲ್ವೆ ಸ್ಟೇಷನ್‌ಗೆ ಬರುತ್ತದೆ ಎಂದು ತೋರಿಸಲು ಹೋದರು. ಹೊಸ ನೋಡ್ ಮಾಡುವ ಬದಲು, ಲಿಸ್ಟ್‌ನಲ್ಲಿ ಆಗಲೇ ಇದ್ದ ರೈಲ್ವೆ ಸ್ಟೇಷನ್ ನೋಡನ್ನೇ ಹುಡುಕಿ, ಅದರ ವಿಳಾಸವನ್ನು ಕುವೆಂಪುನಗರದ `next`ಗೆ ಹಾಕಿಬಿಟ್ಟರು. ಲ್ಯಾಬ್‌ನಲ್ಲಿ ಸೈಕಲ್ ಹುಟ್ಟುವುದು ಬಹುಪಾಲು ಹೀಗೆಯೇ: ಒಂದೇ ನೋಡನ್ನು ಎರಡು ಸಲ ಸೇರಿಸುವುದರಿಂದ. ಈಗ 7 ಆದ ಮೇಲೆ 8 ಇಲ್ಲ, ಮತ್ತೆ 3. ಮೊದಲ ಮೂರು ನೋಡ್‌ಗಳು ನೇರ ಭಾಗ, ಆಮೇಲಿನ ಐದು ಸೈಕಲ್.

ಇಲ್ಲಿ ಒಂದು ಮಾತು ಗಮನಿಸಿ. ಪ್ರತಿ ನೋಡ್‌ಗೂ `next` ಒಂದೇ. ಹಾಗಾಗಿ ಒಮ್ಮೆ 3ಕ್ಕೆ ಬಂದ ಪಾಯಿಂಟರ್‌ಗೆ ಸೈಕಲ್‌ನಿಂದ ಹೊರಗೆ ಹೋಗಲು ದಾರಿಯೇ ಇಲ್ಲ. ಸ್ಲೋ ಕೂಡ ತಡವಾಗಿಯಾದರೂ ಬಂದೇ ಬರುತ್ತದೆ, ಬಂದು ಅಲ್ಲೇ ಉಳಿಯುತ್ತದೆ. ಮುಂದಿನ ವಾದವೆಲ್ಲ ನಿಂತಿರುವುದು ಇದರ ಮೇಲೆ. ಒಂದು ನೋಡ್‌ನಿಂದ ನಾಲ್ಕು ಕಡೆ ಬಾಣ ಹೊರಡುವ ಗ್ರಾಫ್‌ನಲ್ಲಿ ಈ ಉಪಾಯ ನಡೆಯದಿರುವುದಕ್ಕೂ ಇದೇ ಕಾರಣ.

ಈಗ ಸರದಿಗಳನ್ನು ನಡೆಸೋಣ. ಶುರುವಿನಲ್ಲಿ ಎರಡೂ ಮದ್ದೂರಿನಲ್ಲಿವೆ. ಮೊದಲ ಸರದಿ ಮುಗಿದಾಗ ಸ್ಲೋ 1, ಫಾಸ್ಟ್ 2. ಎರಡನೆಯದು ಮುಗಿದಾಗ ಸ್ಲೋ 2, ಫಾಸ್ಟ್ 4. ಮೂರನೆಯದು ಮುಗಿದಾಗ ಸ್ಲೋ 3, ಫಾಸ್ಟ್ 6. ಅಂದರೆ ಸ್ಲೋ ಈಗಷ್ಟೇ ರೈಲ್ವೆ ಸ್ಟೇಷನ್‌ಗೆ ಕಾಲಿಟ್ಟಿದೆ, ಫಾಸ್ಟ್ ಜೆ.ಪಿ. ನಗರದಲ್ಲಿದೆ. ಇಲ್ಲಿಂದ ಎರಡೂ ಸೈಕಲ್ ಒಳಗೇ ಇರುತ್ತವೆ.

ಈ ಜಾಗದಲ್ಲಿ ನಿಂತು ಅಂತರ ಅಳೆಯೋಣ. ಸಾಮಾನ್ಯವಾಗಿ ಎಲ್ಲರೂ "ಫಾಸ್ಟ್ ಎಷ್ಟು ಮುಂದಿದೆ" ಎಂದು ಅಳೆಯುತ್ತಾರೆ, ಗೊಂದಲ ಹುಟ್ಟುವುದೇ ಅಲ್ಲಿ. ಸೈಕಲ್ ಒಳಗೆ ಮುಂದೆ, ಹಿಂದೆ ಎಂಬುದಕ್ಕೆ ಅರ್ಥವಿಲ್ಲ. ಸುತ್ತಿಕೊಂಡು ಬಂದರೆ ಮುಂದಿರುವವನೇ ಹಿಂದಿರುವವನು. ಅದಕ್ಕೆ ಬದಲು ಹೀಗೆ ಕೇಳಿ: ಫಾಸ್ಟ್ ನಿಂತ ಜಾಗದಿಂದ ಬಾಣದ ದಾರಿಯಲ್ಲೇ ಹೋದರೆ ಸ್ಲೋ ಎಷ್ಟು ಹೆಜ್ಜೆ ದೂರ? ಇಲ್ಲಿ 6ರಿಂದ 7, 7ರಿಂದ 3. ಎರಡು ಹೆಜ್ಜೆ. ಅಂತರ 2.

ಒಂದು ಸರದಿಯಲ್ಲಿ ಈ ಅಂತರ ಏನಾಗುತ್ತದೆ? ಸ್ಲೋ ಒಂದು ಹೆಜ್ಜೆ ಮುಂದೆ ಹೋಗುವುದರಿಂದ ಅಂತರ ಒಂದು ಜಾಸ್ತಿಯಾಗುತ್ತದೆ. ಫಾಸ್ಟ್ ಎರಡು ಹೆಜ್ಜೆ ಹತ್ತಿರ ಬರುವುದರಿಂದ ಎರಡು ಕಡಿಮೆಯಾಗುತ್ತದೆ. ಒಟ್ಟಿನಲ್ಲಿ ಒಂದು ಸರದಿಗೆ ಒಂದೇ ಒಂದು ಕಡಿಮೆ. ಎರಡಲ್ಲ, ಒಂದು. 4 ಇದ್ದದ್ದು 3, 3 ಇದ್ದದ್ದು 2, ಆಮೇಲೆ 1, ಆಮೇಲೆ 0. ಒಂದೊಂದೇ ಇಳಿಯುವ ಎಣಿಕೆ ಸೊನ್ನೆಯನ್ನು ಬಿಟ್ಟು ಹೋಗಲು ಸಾಧ್ಯವಿಲ್ಲ. ಅಂತರ ಸೊನ್ನೆ ಎಂದರೆ ಎರಡೂ ಒಂದೇ ನೋಡ್ ಮೇಲಿವೆ ಎಂದರ್ಥ.

ನೀವು ಹೇಳುವ ಹಾರಾಟ ಎಲ್ಲಿ ಹೋಯಿತು? ಫಾಸ್ಟ್ ಹಾರುವುದು ನಿಜ. ಆದರೆ ಅದು ನೋಡ್‌ಗಳನ್ನು ಹಾರುತ್ತದೆ, ಸ್ಲೋವನ್ನು ಹಾರುವುದಿಲ್ಲ. ಸ್ಲೋ ಸುಮ್ನೆ ಒಂದು ಕಡೆ ನಿಂತಿದ್ದರೆ ನಿಮ್ಮ ಭಯ ನಿಜವಾಗುತ್ತಿತ್ತು. ಫಾಸ್ಟ್ ಅದರ ಹಿಂದಿನ ನೋಡ್‌ನಿಂದ ಮುಂದಿನ ನೋಡ್‌ಗೆ ನೆಗೆದು ಹೋಗುತ್ತಿತ್ತು. ಸ್ಲೋ ಕೂಡ ಅದೇ ಸರದಿಯಲ್ಲಿ ಒಂದು ಹೆಜ್ಜೆ ಇಡುವುದರಿಂದಲೇ ಫಾಸ್ಟ್ ಅದರ ಮೇಲೆ ಬಂದು ಬೀಳುತ್ತದೆ.

ನಮ್ಮ ಲಿಸ್ಟ್‌ನಲ್ಲೇ ನೋಡಿ. ನಾಲ್ಕನೇ ಸರದಿ ಮುಗಿದಾಗ ಸ್ಲೋ 4, ಅಂದರೆ ಕೆ.ಆರ್. ಸರ್ಕಲ್. ಫಾಸ್ಟ್ 6ರಿಂದ 7ಕ್ಕೆ, ಅಲ್ಲಿಂದ 3ಕ್ಕೆ ಬಂದು ರೈಲ್ವೆ ಸ್ಟೇಷನ್‌ನಲ್ಲಿದೆ. ಅಂತರ 1, ಸ್ಲೋನ ಬೆನ್ನಿಗೇ ಇದೆ. ನೀವು ಹೆದರುವ ಗಳಿಗೆ ಇದೇ ಅಲ್ವಾ? ಈಗ ಫಾಸ್ಟ್ ಎರಡು ಹೆಜ್ಜೆ ಹಾರಿದರೆ 4ನ್ನು ದಾಟಿ 5ಕ್ಕೆ ಹೋಗುತ್ತದೆ. ನಿಜ, ಸ್ಲೋ ಇದ್ದ ನೋಡನ್ನು ಹಾರಿಯೇ ಹೋಯಿತು. ಆದರೆ ಸ್ಲೋ ಈಗ ಅಲ್ಲಿಲ್ಲ. ಅದೂ 4ರಿಂದ 5ಕ್ಕೆ ಬಂದಿದೆ. ಐದನೇ ಸರದಿ ಮುಗಿದಾಗ ಎರಡೂ ಅಗ್ರಹಾರದಲ್ಲಿ.

ಇನ್ನೂ ನಂಬಿಕೆ ಬರದಿದ್ದರೆ ಹಿಂದಕ್ಕೆ ಹೋಗಿ ನೋಡಿ. ಸೈಕಲ್ ಒಳಗೆ ಫಾಸ್ಟ್ ಯಾವುದೋ ಸರದಿಯಲ್ಲಿ ಸ್ಲೋವನ್ನು ತಪ್ಪಿಸಿ ಹಾರಿ, ಈಗ ಅದಕ್ಕಿಂತ ಒಂದು ನೋಡ್ ಮುಂದಿದೆ ಎಂದುಕೊಳ್ಳೋಣ. ಸ್ಲೋ 5ರಲ್ಲಿ, ಫಾಸ್ಟ್ 6ರಲ್ಲಿ ಎನ್ನೋಣ. ಈ ಸರದಿಗೆ ಮುಂಚೆ ಸ್ಲೋ ಎಲ್ಲಿತ್ತು? ಒಂದು ಹೆಜ್ಜೆ ಹಿಂದೆ, 4ರಲ್ಲಿ. ಫಾಸ್ಟ್? ಎರಡು ಹೆಜ್ಜೆ ಹಿಂದೆ, ಅದೂ 4ರಲ್ಲಿ! ಅಂದರೆ ಹಾರುವುದಕ್ಕೆ ಮುಂಚೆಯೇ ಎರಡೂ ಸೇರಿದ್ದವು, ಲೂಪ್ ಆಗಲೇ 1 ಕೊಟ್ಟು ನಿಂತಿರಬೇಕಿತ್ತು. ವೈವಾದಲ್ಲಿ ಕೇಳಿದರೆ ನಾನಾದರೆ ಈ ವಾದವನ್ನೇ ಹೇಳುತ್ತೇನೆ. ಎರಡು ಸಾಲಿನಲ್ಲಿ ಮುಗಿಯುತ್ತದೆ, ಸೂತ್ರ ಬೇಕಿಲ್ಲ.

ಇದರಿಂದಲೇ ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದೂ ಗೊತ್ತಾಗುತ್ತದೆ. ಐದು ನೋಡ್‌ಗಳ ಸೈಕಲ್‌ನಲ್ಲಿ ಅಂತರ 4ಕ್ಕಿಂತ ಹೆಚ್ಚಿರಲು ಸಾಧ್ಯವಿಲ್ಲ. ಆದ್ದರಿಂದ ಸ್ಲೋ ಒಳಗೆ ಬಂದ ಮೇಲೆ ಹೆಚ್ಚೆಂದರೆ 4 ಸರದಿ. ಸ್ಲೋ ಒಂದು ಪೂರ್ತಿ ಸುತ್ತು ಮುಗಿಸುವ ಮೊದಲೇ ಸಿಕ್ಕಿಬೀಳುತ್ತದೆ. ನೇರ ಭಾಗವೇ ಇಲ್ಲದೆ `head` ಕೂಡ ಸೈಕಲ್ ಒಳಗೇ ಇದ್ದರೆ ಮಾತ್ರ ಸರಿಯಾಗಿ ಒಂದು ಸುತ್ತು ಬೇಕಾಗುತ್ತದೆ. ಯಾಕೆಂದರೆ ಆಗ ಎರಡೂ ಒಂದೇ ಜಾಗದಿಂದ ಹೊರಡುತ್ತವೆ, ಆ ಮೊದಲ ಭೇಟಿಯನ್ನು ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹೇಗೇ ನೋಡಿದರೂ ಸರದಿಗಳ ಸಂಖ್ಯೆ ಒಟ್ಟು ನೋಡ್‌ಗಳ ಸಂಖ್ಯೆಯನ್ನು ದಾಟುವುದಿಲ್ಲ. ಹತ್ತು ಲಕ್ಷ ನೋಡ್ ಇದ್ದರೂ ಬೇಕಾದ ಹೆಚ್ಚುವರಿ ಜಾಗ ಎರಡು ಪಾಯಿಂಟರ್‌ನಷ್ಟೇ. ನೋಡಿದ ನೋಡ್‌ಗಳನ್ನೆಲ್ಲ ಒಂದು ಟೇಬಲ್‌ನಲ್ಲಿ ಬರೆದಿಟ್ಟುಕೊಂಡೂ ಸೈಕಲ್ ಹಿಡಿಯಬಹುದು, ಅದೇನು ತಪ್ಪಲ್ಲ. ಆದರೆ ಆ ಟೇಬಲ್ ಲಿಸ್ಟ್‌ನಷ್ಟೇ ಬೆಳೆಯುತ್ತದೆ. ಈ ಎರಡು ಪಾಯಿಂಟರ್ ಉಪಾಯಕ್ಕೆ ರಾಬರ್ಟ್ ಫ್ಲಾಯ್ಡ್ ಅವರ ಹೆಸರಿದೆ. ಅದು ಅವರದು ಎಂದು 1969ರಲ್ಲಿ ಬರೆದವರು ಡೊನಾಲ್ಡ್ ಕ್ನೂತ್.

ಈಗ ಮೂರು ಹೆಜ್ಜೆಯ ವಿಷಯ. ಫಾಸ್ಟ್ ಮೂರು ಹೆಜ್ಜೆ ಇಟ್ಟರೆ ಅಂತರ ಸರದಿಗೆ ಎರಡೆರಡು ಇಳಿಯುತ್ತದೆ. ಅಂತರ 1 ಇದ್ದಾಗ ಎರಡು ಇಳಿದರೆ ಸೊನ್ನೆ ತಪ್ಪಿತು, ಫಾಸ್ಟ್ ನಿಜವಾಗಿಯೂ ಸ್ಲೋವನ್ನು ಹಾರಿಹೋಯಿತು. ಸೈಕಲ್‌ನಲ್ಲಿ ಐದು ನೋಡ್ ಇದ್ದರೆ ತೊಂದರೆ ಇಲ್ಲ. ಹಾರಿದ ಮೇಲೆ ಅಂತರ 4 ಆಗುತ್ತದೆ, ಮತ್ತೆ 2, ಮತ್ತೆ 0. ಆದರೆ ನಾಲ್ಕು ನೋಡ್ ಇದ್ದರೆ? ಅಂತರ 1ರಿಂದ 3, 3ರಿಂದ 1, ಹೀಗೇ ಕೊನೆಯಿಲ್ಲದೆ. ಸೈಕಲ್‌ನ ಉದ್ದ ಸಮಸಂಖ್ಯೆ, ಅಂತರ ಬೆಸಸಂಖ್ಯೆ ಆದರೆ ಎರಡೂ ಎಂದಿಗೂ ಸೇರುವುದಿಲ್ಲ.

ಇದಕ್ಕೆ ಒಂದು ಕೊಕ್ಕೆ ಇದೆ. ಎರಡೂ ಪಾಯಿಂಟರ್ `head`ನಿಂದಲೇ ಹೊರಟಿದ್ದರೆ ಮೂರು ಹೆಜ್ಜೆಯಲ್ಲೂ ಸೇರಿಯೇ ಸೇರುತ್ತವೆ. ಆಗ ಫಾಸ್ಟ್ ಸ್ಲೋಗಿಂತ ಹೆಚ್ಚು ನಡೆದದ್ದು ಯಾವಾಗಲೂ ಸರದಿಗಳ ಎರಡರಷ್ಟು, ಅಂದರೆ ಸಮಸಂಖ್ಯೆ. ಸಮಸಂಖ್ಯೆ ಉದ್ದದ ಸೈಕಲ್‌ನಲ್ಲಿ ಬೆಸ ಅಂತರ ಹುಟ್ಟುವುದೇ ಇಲ್ಲ. ಅನಾಹುತ ಆಗುವುದು ಫಾಸ್ಟನ್ನು `head->next`ನಿಂದ ಹೊರಡಿಸಿದಾಗ. 0, 1, 2, 3, ಮತ್ತೆ 0 ಎಂಬ ನಾಲ್ಕು ನೋಡ್‌ಗಳ ಸೈಕಲ್ ಬರೆದುಕೊಳ್ಳಿ. ಸ್ಲೋ 0, ಫಾಸ್ಟ್ 1ರಿಂದ ಹೊರಡಲಿ. ಮುಂದಿನ ಸರದಿಗಳಲ್ಲಿ ಸ್ಲೋ 1, ಫಾಸ್ಟ್ 0. ಸ್ಲೋ 2, ಫಾಸ್ಟ್ 3. ಸ್ಲೋ 3, ಫಾಸ್ಟ್ 2. ಆಮೇಲೆ ಸ್ಲೋ 0, ಫಾಸ್ಟ್ 1, ಮತ್ತೆ ಶುರುವಿನ ಜಾಗಕ್ಕೇ ಬಂದವು. ಪ್ರೋಗ್ರಾಂ ನಿಲ್ಲುವುದಿಲ್ಲ. ಎರಡು ಹೆಜ್ಜೆಯ ಫಾಸ್ಟ್‌ಗೆ ಮಾತ್ರ ಎಲ್ಲಿಂದ ಹೊರಟರೂ, ಸೈಕಲ್ ಎಷ್ಟೇ ಉದ್ದ ಇದ್ದರೂ, ಭೇಟಿ ಖಾತ್ರಿ. ವೇಗ ಹೆಚ್ಚಿಸಿದರೆ ಬೇಗ ಮುಗಿಯುತ್ತದೆ ಎಂದು ನಾಲ್ಕು, ಐದು ಹೆಜ್ಜೆ ಹಾಕಿಸುವ ವಿದ್ಯಾರ್ಥಿಗಳು ಇದ್ದಾರೆ. ಲಾಭವೇನೂ ಇಲ್ಲ, ಮಧ್ಯದ `NULL` ಪರೀಕ್ಷೆಗಳು ಹೆಚ್ಚುತ್ತವೆ ಅಷ್ಟೆ.

ಫಾಸ್ಟನ್ನು `head->next`ನಿಂದ ಹೊರಡಿಸುವ ಕೋಡ್ ನೀವೂ ನೋಡಿರುತ್ತೀರಿ. ಎರಡು ಹೆಜ್ಜೆಯಾದರೆ ಸೈಕಲ್ ಇದೆಯೋ ಇಲ್ಲವೋ ಎಂಬುದಕ್ಕೆ ಅದು ಸರಿಯಾದ ಉತ್ತರವನ್ನೇ ಕೊಡುತ್ತದೆ. ಆದರೂ ಅದನ್ನು ಬಳಸಬೇಡಿ ಎನ್ನುತ್ತೇನೆ. ಕಾರಣ ಮುಂದಿನ ಪ್ರಶ್ನೆಯಲ್ಲಿದೆ: ಸೈಕಲ್ ಶುರುವಾಗುವ ನೋಡ್ ಯಾವುದು? ಅದನ್ನು ಹುಡುಕುವ ವಿಧಾನ ನಿಮ್ಮ ಪುಸ್ತಕದಲ್ಲೂ ಇರುತ್ತದೆ. ಎರಡೂ ಸೇರಿದ ಮೇಲೆ ಸ್ಲೋವನ್ನು `head`ಗೆ ತಂದು, ಎರಡನ್ನೂ ಒಂದೊಂದೇ ಹೆಜ್ಜೆ ನಡೆಸುವುದು.

```c
slow = head;
while (slow != fast) {
    slow = slow->next;
    fast = fast->next;
}
```

ಇದು ಯಾಕೆ ಕೆಲಸ ಮಾಡುತ್ತದೆ? ಸೇರಿದಾಗ ಸ್ಲೋ ಐದು ಹೆಜ್ಜೆ ನಡೆದಿತ್ತು, ಫಾಸ್ಟ್ ಹತ್ತು. ಎರಡೂ ಒಂದೇ ಕಡೆಯಿಂದ ಹೊರಟು ಒಂದೇ ಕಡೆ ನಿಂತಿವೆ. ಹಾಗಾದರೆ ಫಾಸ್ಟ್ ಹೆಚ್ಚಾಗಿ ನಡೆದ ಐದು ಹೆಜ್ಜೆ ಪೂರ್ತಿ ಸುತ್ತುಗಳೇ ಆಗಿರಬೇಕು. ಆ ಹೆಚ್ಚುವರಿ ಐದು ಸ್ಲೋ ನಡೆದ ಐದಕ್ಕೆ ಸಮ. ಅಂದರೆ ಸೇರಿದ ಜಾಗಕ್ಕೆ ಬರಲು ಸ್ಲೋ ಇಟ್ಟ ಹೆಜ್ಜೆಗಳ ಸಂಖ್ಯೆ ಯಾವಾಗಲೂ ಸೈಕಲ್ ಉದ್ದದ ಪೂರ್ತಿ ಮಡಿ. ಈಗ ಆ ಜಾಗದಿಂದ ಫಾಸ್ಟ್ ಇನ್ನು ಮೂರು ಹೆಜ್ಜೆ ನಡೆದರೆ, `head`ನಿಂದ ಮೂರು ಹೆಜ್ಜೆ ನಡೆದು, ಜೊತೆಗೆ ಪೂರ್ತಿ ಸುತ್ತು ಹಾಕಿದ ಹಾಗಾಯಿತು. ನಿಲ್ಲುವುದು 3ರಲ್ಲೇ. ಸ್ಲೋ ಕೂಡ ಮದ್ದೂರಿನಿಂದ ಮೂರು ಹೆಜ್ಜೆಗೆ 3ಕ್ಕೇ ಬರುತ್ತದೆ. ಕೈಯಲ್ಲಿ ನೋಡಿ: ಫಾಸ್ಟ್ 5ರಿಂದ 6, 7, 3. ಸ್ಲೋ 0ಯಿಂದ 1, 2, 3. ರೈಲ್ವೆ ಸ್ಟೇಷನ್ ಸಿಕ್ಕಿತು.

ಫಾಸ್ಟ್ ಒಂದು ಹೆಜ್ಜೆ ಮುಂದಿನಿಂದ ಹೊರಟಿದ್ದರೆ ಈ ಲೆಕ್ಕ ಒಂದರಷ್ಟು ತಪ್ಪುತ್ತದೆ. ನಮ್ಮ ಲಿಸ್ಟ್‌ನಲ್ಲಿ ಎರಡೂ ನಾಲ್ಕನೇ ಸರದಿಗೇ 4ರಲ್ಲಿ ಸೇರುತ್ತವೆ. ಅಲ್ಲಿಂದ ಮೂರು ಹೆಜ್ಜೆ ನಡೆದಾಗ ಸ್ಲೋ 3ರಲ್ಲಿ, ಫಾಸ್ಟ್ 7ರಲ್ಲಿ. ಮುಂದಿನ ಹೆಜ್ಜೆಗೆ 4 ಮತ್ತು 3, ಆಮೇಲೆ 5 ಮತ್ತು 4. ಒಂದೇ ವೇಗ, ಒಂದು ನೋಡ್ ಅಂತರ, ಇನ್ನೆಂದೂ ಸೇರುವುದಿಲ್ಲ. ಮೊದಲ ಭಾಗ ಸರಿಯಾಗಿ "ಸೈಕಲ್ ಇದೆ" ಎಂದಿತು, ಎರಡನೇ ಭಾಗದಲ್ಲಿ ಪ್ರೋಗ್ರಾಂ ಹ್ಯಾಂಗ್ ಆಯಿತು. ಇಂಥ ಕೋಡ್ ನೋಡಿದಾಗ ಎಲ್ಲರೂ ಎರಡನೇ ಲೂಪನ್ನೇ ತಿದ್ದಲು ಕೂರುತ್ತಾರೆ, ತಪ್ಪು ಮಾತ್ರ ಮೇಲಿನ ಮೊದಲ ಸಾಲಿನಲ್ಲಿರುತ್ತದೆ.

ಇನ್ನೊಂದು ತಪ್ಪು ಕಣ್ಣಿಗೆ ಬೀಳದೇ ಹೋಗುವಂಥದ್ದು. `slow == fast` ಎಂಬಲ್ಲಿ ಹೋಲಿಸುತ್ತಿರುವುದು ನೋಡ್‌ಗಳ ವಿಳಾಸವನ್ನು, ಅವುಗಳೊಳಗಿನ ಹೆಸರನ್ನಲ್ಲ. ಅದೇ ಬಸ್ ಲಿಸ್ಟ್‌ನಲ್ಲಿ, 7ರ ಮುಂದೆ ಕೆ.ಆರ್. ಸರ್ಕಲ್ ಹೆಸರಿನ ಹೊಸ ನೋಡ್ ಮಾಡಿ 8 ಎಂದು ಸೇರಿಸಿ, ಅದರ `next`ಗೆ `NULL` ಇಟ್ಟರು ಎನ್ನೋಣ. ಇದು ಸರಿಯಾದ ಲಿಸ್ಟ್, ಸೈಕಲ್ ಇಲ್ಲ. ನಾಲ್ಕನೇ ಸರದಿ ಮುಗಿದಾಗ ಸ್ಲೋ 4ರಲ್ಲಿ, ಫಾಸ್ಟ್ 8ರಲ್ಲಿ. ಎರಡರ ಹೆಸರೂ ಕೆ.ಆರ್. ಸರ್ಕಲ್. ಹೆಸರು ಹೋಲಿಸುವ ಕೋಡ್ ಇಲ್ಲಿ ಇಲ್ಲದ ಸೈಕಲ್ಲನ್ನು ಇದೆ ಎನ್ನುತ್ತದೆ. ಎಲ್ಲ ಹೆಸರೂ ಬೇರೆ ಬೇರೆ ಇರುವ ಲಿಸ್ಟ್‌ನಲ್ಲಿ ಮಾತ್ರ ಪರೀಕ್ಷೆ ಮಾಡಿದರೆ ಇದು ಯಾವತ್ತೂ ಗೊತ್ತಾಗುವುದಿಲ್ಲ.

ಹೋಲಿಕೆಯ ಜಾಗವೂ ಮುಖ್ಯ. ಹೆಜ್ಜೆ ಇಡುವ ಮುಂಚೆಯೇ ಹೋಲಿಸಿದರೆ ಎರಡೂ `head`ನಲ್ಲಿರುವುದರಿಂದ ಎರಡು ಅಥವಾ ಹೆಚ್ಚು ನೋಡ್ ಇರುವ ಎಲ್ಲ ಲಿಸ್ಟ್‌ಗೂ ಸೈಕಲ್ ಇದೆ ಎಂದೇ ಬರುತ್ತದೆ. `while` ಷರತ್ತಿನಲ್ಲಿ `fast != NULL` ಮೊದಲು ಬರಬೇಕು, ಆಮೇಲೆ `fast->next != NULL`. ತಿರುಗಾಮುರುಗಾ ಬರೆದರೆ ಖಾಲಿ ಲಿಸ್ಟ್‌ನಲ್ಲಿ, ಹಾಗೆಯೇ ನೋಡ್‌ಗಳ ಸಂಖ್ಯೆ ಸಮವಾಗಿರುವ ನೇರ ಲಿಸ್ಟ್‌ನಲ್ಲಿ ಪ್ರೋಗ್ರಾಂ ಬಿದ್ದುಹೋಗುತ್ತದೆ. ಬೆಸಸಂಖ್ಯೆಯಾದರೆ ಫಾಸ್ಟ್ ಕೊನೆಯ ನೋಡ್ ಮೇಲೆ ನಿಲ್ಲುತ್ತದೆ, ಏನೂ ಆಗುವುದಿಲ್ಲ. ಸಮವಾದರೆ ಕೊನೆಯನ್ನು ದಾಟಿ `NULL` ಆಗುತ್ತದೆ. ಐದು ನೋಡ್‌ಗೆ ಓಡಿದ ಕೋಡ್ ಆರಕ್ಕೆ ಬಿದ್ದರೆ ಮೊದಲು ಆ ಸಾಲನ್ನೇ ನೋಡಿ.

ನಿಮ್ಮ ಕೋಡನ್ನು ಈ ಐದು ಲಿಸ್ಟ್‌ಗಳ ಮೇಲೆ ಓಡಿಸಿ: ಖಾಲಿ ಲಿಸ್ಟ್, ಒಂದೇ ನೋಡ್, ತನ್ನ ಕಡೆಗೇ ಬಾಣ ಇಟ್ಟುಕೊಂಡ ಒಂದೇ ನೋಡ್, ಆರು ನೋಡ್‌ಗಳ ನೇರ ಲಿಸ್ಟ್, ಮತ್ತು ಮೇಲಿನ ಎಂಟು ನೋಡ್‌ಗಳದ್ದು. ಮೂರನೆಯದು ಮತ್ತು ಐದನೆಯದಕ್ಕೆ 1 ಬರಬೇಕು, ಉಳಿದವಕ್ಕೆ 0. ಐದನೆಯದರಲ್ಲಿ ಪ್ರತಿ ಸರದಿಯಲ್ಲಿ ಹೆಜ್ಜೆ ಇಟ್ಟ ಮೇಲೆ, `if`ಗೆ ಮುಂಚೆ, ಎರಡೂ ಪಾಯಿಂಟರ್‌ಗಳ ಹೆಸರು ಪ್ರಿಂಟ್ ಮಾಡಿಸಿ, ಕೊನೆಯ ಸಾಲಿನಲ್ಲಿ ಅಗ್ರಹಾರ ಎರಡು ಸಲ ಬರುತ್ತದೆ. ಪರೀಕ್ಷೆ ಮುಗಿದ ಮೇಲೆ ಆ ಲಿಸ್ಟನ್ನು ಹಾಗೇ `free` ಮಾಡಲು ಹೋಗಬೇಡಿ. ನೋಡ್‌ಗಳನ್ನು ಒಂದೊಂದಾಗಿ ಬಿಡುತ್ತಾ ಹೋದರೆ ಕುವೆಂಪುನಗರ ಆದ ಮೇಲೆ ಆಗಲೇ ಬಿಟ್ಟಿದ್ದ ರೈಲ್ವೆ ಸ್ಟೇಷನ್ ಮತ್ತೆ ಸಿಗುತ್ತದೆ, ಒಂದೇ ಜಾಗವನ್ನು ಎರಡು ಸಲ ಬಿಟ್ಟ ಹಾಗಾಗುತ್ತದೆ. ಮೊದಲು ಸೈಕಲ್‌ನ ಶುರು ಹುಡುಕಿ, ಅಲ್ಲಿಂದ ಒಂದು ಸುತ್ತು ಹೋಗಿ, ಯಾವ ನೋಡ್‌ನ `next` ಆ ಶುರುವನ್ನು ತೋರಿಸುತ್ತದೋ ಅದಕ್ಕೆ `NULL` ಹಾಕಿ, ಆಮೇಲೆ ಬಿಡಿ.